ಲಾಭ ಬಂತು, ಹಣ ಎಲ್ಲಿ?

2002ರ ಜೂನ್ 25ರಂದು ಅಮೆರಿಕದ ದೂರಸಂಪರ್ಕ ಕಂಪನಿ ವರ್ಲ್ಡ್‌ಕಾಮ್ ಒಂದು ಪ್ರಕಟಣೆ ಹೊರಡಿಸಿತು. 2001ರ ನಾಲ್ಕು ತ್ರೈಮಾಸಿಕ ಮತ್ತು 2002ರ ಮೊದಲ ತ್ರೈಮಾಸಿಕದಲ್ಲಿ ಸುಮಾರು 385 ಕೋಟಿ ಡಾಲರ್ ಖರ್ಚನ್ನು ಖರ್ಚೆಂದು ತೋರಿಸದೆ ಆಸ್ತಿಯ ಲೆಕ್ಕಕ್ಕೆ ಸೇರಿಸಲಾಗಿದೆ. ಅದನ್ನು ಸರಿಪಡಿಸಿದರೆ ಆ ಅವಧಿಯಲ್ಲಿ ಕಂಪನಿಗೆ ಲಾಭವೇ ಇರಲಿಲ್ಲ, ನಷ್ಟವಿತ್ತು ಎಂಬುದು ಅದರ ಸಾರ. ತಿಂಗಳು ತುಂಬುವುದರೊಳಗೆ, ಜುಲೈ 21ರಂದು, ವರ್ಲ್ಡ್‌ಕಾಮ್ ದಿವಾಳಿ ಅರ್ಜಿ ಹಾಕಿತು. ಅಲ್ಲಿಯವರೆಗಿನ ಅಮೆರಿಕದ ಇತಿಹಾಸದಲ್ಲಿ ಅಷ್ಟು ದೊಡ್ಡ ದಿವಾಳಿ ಆಗಿರಲಿಲ್ಲ.

ಈ ಹಗರಣದಲ್ಲಿ ಗುಟ್ಟಾದ ಬ್ಯಾಂಕ್ ಖಾತೆಗಳಾಗಲಿ, ಬೇನಾಮಿ ಕಂಪನಿಗಳ ಜಾಲವಾಗಲಿ ಮುಖ್ಯವಾಗಿರಲಿಲ್ಲ. ಒಂದು ಕಡೆ ಬರೆಯಬೇಕಾದ ಮೊತ್ತವನ್ನು ಇನ್ನೊಂದು ಕಡೆ ಬರೆದರು, ಅಷ್ಟೆ. ಅಷ್ಟರಿಂದಲೇ ನಷ್ಟ ಹೋಗಿ ಲಾಭ ಬಂತು. ಆದರೆ ಕಂಪನಿಯ ಅದೇ ವಾರ್ಷಿಕ ವರದಿಯಿಂದ ಯಾರು ಬೇಕಾದರೂ ಲೆಕ್ಕ ಹಾಕಬಹುದಾಗಿದ್ದ ಒಂದು ಅಂಕಿ ಮಾತ್ರ ಈ ಕೈಚಳಕದಿಂದ ಒಂದು ಡಾಲರಿನಷ್ಟೂ ಬದಲಾಗಲಿಲ್ಲ. ಅದೇ ಫ್ರೀ ಕ್ಯಾಶ್ ಫ್ಲೋ. ವ್ಯವಹಾರದಿಂದ ನಿಜವಾಗಿ ಕೈಗೆ ಬಂದ ಹಣದಲ್ಲಿ ಯಂತ್ರ, ಕಟ್ಟಡ, ಉಪಕರಣಗಳಿಗೆ ಕೊಟ್ಟದ್ದನ್ನು ಕಳೆದ ಮೇಲೆ ಉಳಿಯುವ ಮೊತ್ತ. ಅನುಭವಿ ಹೂಡಿಕೆದಾರರು ಲಾಭದ ಅಂಕಿಗಿಂತ ಮೊದಲು ಇದನ್ನೇಕೆ ಹುಡುಕುತ್ತಾರೆ ಎಂಬುದಕ್ಕೆ ವರ್ಲ್ಡ್‌ಕಾಮ್‌ಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಅಲ್ಲಿಗೆ ಹೋಗುವ ಮೊದಲು ಲಾಭ ಮತ್ತು ನಗದು ಬೇರೆಯಾಗುವುದು ಎಲ್ಲಿ ಎಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡೋಣ.

ಒಂದು ವರ್ಕ್‌ಶಾಪಿನ ಲೆಕ್ಕ

ಬೆಂಗಳೂರಿನ ಪೀಣ್ಯದಲ್ಲಿ ಬಿಡಿಭಾಗ ಮಾಡಿಕೊಡುವ ಒಂದು ವರ್ಕ್‌ಶಾಪ್ ಇದೆ ಎಂದುಕೊಳ್ಳಿ. ಮೊದಲ ವರ್ಷವೇ 40 ಲಕ್ಷ ಕೊಟ್ಟು ಒಂದು ಯಂತ್ರ ಕೊಂಡರು. ವರ್ಷಕ್ಕೆ ಒಂದು ಕೋಟಿ ರೂಪಾಯಿಯ ಮಾಲು ಮಾರಿದರು. ಕಬ್ಬಿಣ, ಸಂಬಳ, ಕರೆಂಟು, ಬಾಡಿಗೆ ಎಲ್ಲ ಸೇರಿ 78 ಲಕ್ಷ ಖರ್ಚಾಯಿತು. ಅದನ್ನೆಲ್ಲ ಆಗಿಂದಾಗ್ಗೆ ಕೊಟ್ಟು ಮುಗಿಸಿದರು. ಮಾರಿದ ಒಂದು ಕೋಟಿಯಲ್ಲಿ ವರ್ಷದ ಕೊನೆಗೆ ವಸೂಲಾದದ್ದು 80 ಲಕ್ಷ. ಉಳಿದ 20 ಲಕ್ಷ ಗಿರಾಕಿಗಳಿಂದ ಬರಬೇಕಾದ ಬಾಕಿ. ಲೆಕ್ಕ ಸರಳವಾಗಲೆಂದು ತೆರಿಗೆಯನ್ನು ಸದ್ಯಕ್ಕೆ ಬಿಡೋಣ.

ಈ ವರ್ಕ್‌ಶಾಪಿನ ಲಾಭ ಎಷ್ಟು? ಲೆಕ್ಕಪತ್ರದ ನಿಯಮದಂತೆ, ಮಾಲು ಕೊಟ್ಟು ಬಿಲ್ ಹಾಕಿದ ದಿನವೇ ಅದು ಆದಾಯ. ಹಣ ಬಂತೋ ಇಲ್ಲವೋ ಎಂಬುದು ಬೇರೆ ಮಾತು. ಆದ್ದರಿಂದ ಆದಾಯ ಪೂರ್ತಿ ಒಂದು ಕೋಟಿ. ಯಂತ್ರ ಹತ್ತು ವರ್ಷ ಬಾಳುತ್ತದೆ ಎಂದು ಅಂದಾಜು ಮಾಡಿದರೆ, ಅದರ 40 ಲಕ್ಷವನ್ನು ಹತ್ತು ವರ್ಷಕ್ಕೆ ಹಂಚಿ, ವರ್ಷಕ್ಕೆ 4 ಲಕ್ಷದಂತೆ ಸವಕಳಿ ಎಂದು ಖರ್ಚು ಬರೆಯುತ್ತಾರೆ. ಒಂದು ಕೋಟಿಯಲ್ಲಿ 78 ಲಕ್ಷ ಮತ್ತು 4 ಲಕ್ಷ ಕಳೆದರೆ ಲಾಭ 18 ಲಕ್ಷ.

ಮಾಲೀಕರ ಬ್ಯಾಂಕ್ ಖಾತೆ ಬೇರೆಯೇ ಮಾತು ಹೇಳುತ್ತದೆ. ಬಂದದ್ದು 80 ಲಕ್ಷ, ಖರ್ಚಿಗೆ ಹೋದದ್ದು 78 ಲಕ್ಷ. ವ್ಯವಹಾರದಿಂದ ಉಳಿದದ್ದು ಎರಡೇ ಲಕ್ಷ. ಅದರಲ್ಲಿ ಯಂತ್ರದ 40 ಲಕ್ಷ ಕಳೆದರೆ ಫ್ರೀ ಕ್ಯಾಶ್ ಫ್ಲೋ ಮೈನಸ್ 38 ಲಕ್ಷ. 18 ಲಕ್ಷ ಲಾಭ ಎಂದು ಪತ್ರದಲ್ಲಿದೆ. ಆದರೆ ವರ್ಕ್‌ಶಾಪ್ ನಡೆಯಬೇಕಾದರೆ ಮಾಲೀಕರು 38 ಲಕ್ಷವನ್ನು ಸ್ವಂತ ಜೇಬಿನಿಂದಲೋ ಸಾಲದಿಂದಲೋ ತಂದು ಹಾಕಿರಬೇಕು.

ಎರಡನೆಯ ವರ್ಷವೂ ಇದೇ ವ್ಯಾಪಾರ, ಇದೇ ಖರ್ಚು ಎನ್ನಿ. ಹಳೆಯ ಬಾಕಿ 20 ಲಕ್ಷ ಬಂತು, ಈ ವರ್ಷದ್ದು 80 ಲಕ್ಷ ಬಂತು, ಮತ್ತೆ 20 ಲಕ್ಷ ಬಾಕಿ ಉಳಿಯಿತು. ಕೈಗೆ ಬಂದದ್ದು ಒಂದು ಕೋಟಿ, ಹೋದದ್ದು 78 ಲಕ್ಷ. ಹೊಸ ಯಂತ್ರ ಕೊಳ್ಳಲಿಲ್ಲ. ಫ್ರೀ ಕ್ಯಾಶ್ ಫ್ಲೋ 22 ಲಕ್ಷ. ಲಾಭ ಮಾತ್ರ ಹೋದ ವರ್ಷದಂತೆ 18 ಲಕ್ಷವೇ. ಈ ಸಲ ನಗದು ಲಾಭಕ್ಕಿಂತ ಹೆಚ್ಚು.

ಹೀಗೇ ಹತ್ತು ವರ್ಷ ನಡೆಯಿತೆನ್ನಿ. ಹತ್ತು ವರ್ಷದ ಒಟ್ಟು ಲಾಭ 180 ಲಕ್ಷ. ಫ್ರೀ ಕ್ಯಾಶ್ ಫ್ಲೋ ಕೂಡಿದರೆ ಮೊದಲ ವರ್ಷದ ಮೈನಸ್ 38, ಮುಂದಿನ ಒಂಬತ್ತು ವರ್ಷ 22ರಂತೆ 198. ಒಟ್ಟು 160 ಲಕ್ಷ. ವ್ಯತ್ಯಾಸ 20 ಲಕ್ಷ. ಅದು ಕೊನೆಯ ವರ್ಷ ಗಿರಾಕಿಗಳ ಬಳಿ ಉಳಿದಿರುವ ಬಾಕಿಯೇ.

ಈ ಪುಟ್ಟ ಲೆಕ್ಕದಿಂದ ಎರಡು ವಿಷಯ ತಿಳಿಯುತ್ತದೆ. ಮೊದಲನೆಯದು, ಪ್ರಾಮಾಣಿಕವಾಗಿ ಲೆಕ್ಕ ಬರೆದಾಗಲೂ ಒಂದೊಂದು ವರ್ಷದಲ್ಲಿ ಲಾಭಕ್ಕೂ ನಗದಿಗೂ ದೊಡ್ಡ ಅಂತರ ಇರಬಹುದು. ಅದು ಕಾಲದ ವ್ಯತ್ಯಾಸ, ಮೋಸವಲ್ಲ. ಎರಡನೆಯದು ಹೆಚ್ಚು ಮುಖ್ಯ. ಹತ್ತು ವರ್ಷದಲ್ಲಿ ಇವೆರಡೂ ಹತ್ತಿರ ಬರಬೇಕಾದರೆ ಎರಡು ಅಂದಾಜು ನಿಜವಾಗಬೇಕು. ಗಿರಾಕಿಗಳು ಬಾಕಿ ಕೊಡಬೇಕು, ಯಂತ್ರ ಹತ್ತು ವರ್ಷ ಬಾಳಬೇಕು. ಗಿರಾಕಿ ಕೈಯೆತ್ತಿದರೆ ಆ 20 ಲಕ್ಷ ಬಂದೇ ಇಲ್ಲದ ಲಾಭ. ಯಂತ್ರ ಐದೇ ವರ್ಷಕ್ಕೆ ಕೆಟ್ಟು ಕೂತರೆ ವರ್ಷವರ್ಷವೂ ತೋರಿಸಿದ ಲಾಭ ನಿಜಕ್ಕಿಂತ 4 ಲಕ್ಷ ಹೆಚ್ಚು. ಲಾಭದ ಅಂಕಿಯೊಳಗೆ ಇಂಥ ಅಂದಾಜುಗಳು ಸೇರಿಕೊಂಡಿರುತ್ತವೆ. ಆ ಅಂದಾಜು ಮಾಡುವವರು ಕಂಪನಿ ನಡೆಸುವವರೇ.

ಖರ್ಚೋ, ಆಸ್ತಿಯೋ?

ಈ ಅಂದಾಜುಗಳಲ್ಲೆಲ್ಲ ಅತಿ ದೊಡ್ಡದು ಒಂದು ಗೆರೆ. ಯಾವ ವೆಚ್ಚವನ್ನು ಈ ವರ್ಷದ ಖರ್ಚೆಂದು ಬರೆಯಬೇಕು, ಯಾವುದನ್ನು ಮುಂದಿನ ವರ್ಷಗಳಿಗೂ ಉಪಯೋಗ ಕೊಡುವ ಆಸ್ತಿ ಎಂದು ಬರೆಯಬೇಕು? ಸಂಬಳ ಖರ್ಚು, ಯಂತ್ರ ಆಸ್ತಿ, ಇಲ್ಲಿ ಅನುಮಾನವಿಲ್ಲ. ಆದರೆ ಯಂತ್ರದ ದೊಡ್ಡ ರಿಪೇರಿ? ಸಾಫ್ಟ್‌ವೇರ್ ಬರೆಯುವ ಎಂಜಿನಿಯರುಗಳ ಸಂಬಳ? ಹೊಸ ಔಷಧ ಅಭಿವೃದ್ಧಿಗೆ ಹಾಕಿದ ಹಣ? ಇಲ್ಲೆಲ್ಲ ಗೆರೆಯನ್ನು ಆಚೀಚೆ ಎಳೆಯಲು ಅವಕಾಶವಿದೆ. ಒಂದು ಕೋಟಿಯನ್ನು ಖರ್ಚೆಂದು ಬರೆದರೆ ಲಾಭ ಇಂದೇ ಒಂದು ಕೋಟಿ ಇಳಿಯುತ್ತದೆ. ಅದನ್ನೇ ಆಸ್ತಿ ಎಂದು ಬರೆದು ಹತ್ತು ವರ್ಷಕ್ಕೆ ಹಂಚಿದರೆ ಈ ವರ್ಷ ಇಳಿಯುವುದು ಹತ್ತು ಲಕ್ಷ ಮಾತ್ರ.

ವರ್ಲ್ಡ್‌ಕಾಮ್ ಎಳೆದದ್ದು ಈ ಗೆರೆಯನ್ನೇ. ಆ ಕಂಪನಿ ಗ್ರಾಹಕರ ಕರೆಗಳನ್ನು ಕೊನೆ ಮುಟ್ಟಿಸಲು ಬೇರೆ ದೂರವಾಣಿ ಕಂಪನಿಗಳ ತಂತಿಗಳನ್ನು ಬಳಸಬೇಕಿತ್ತು. ಅದಕ್ಕೆ ಕೊಡುವ ಬಾಡಿಗೆ ಮತ್ತು ಶುಲ್ಕಕ್ಕೆ ಅವರು ಲೈನ್ ಕಾಸ್ಟ್ ಎನ್ನುತ್ತಿದ್ದರು. ಕಂಪನಿಯ ಅತಿ ದೊಡ್ಡ ಖರ್ಚು ಅದೇ. ಡಾಟ್‌ಕಾಂ ಅಬ್ಬರದ ದಿನಗಳಲ್ಲಿ ಇಂಟರ್ನೆಟ್ ಬಳಕೆ ಏರುತ್ತಲೇ ಹೋಗುತ್ತದೆಂದು ನಂಬಿ ದೀರ್ಘಾವಧಿಯ ಬಾಡಿಗೆ ಒಪ್ಪಂದಗಳಿಗೆ ಸಹಿ ಹಾಕಿದ್ದರು. 2000ದಲ್ಲಿ ಅಬ್ಬರ ಇಳಿಯಿತು. ನಿರೀಕ್ಷಿಸಿದ ಗ್ರಾಹಕರು ಬರಲಿಲ್ಲ, ಬಾಡಿಗೆ ಮಾತ್ರ ತಪ್ಪಲಿಲ್ಲ. ಆದಾಯದಲ್ಲಿ ಲೈನ್ ಕಾಸ್ಟಿನ ಪಾಲು ಶೇ 42ರ ಆಸುಪಾಸು ಇದೆ ಎಂದು ಷೇರುಪೇಟೆ ನಂಬಿತ್ತು. ನಿಜವಾದ ಪಾಲು ಶೇ 50 ದಾಟುತ್ತಿತ್ತು.

ಮೊದಮೊದಲು ಕಂಪನಿಯ ಹಣಕಾಸು ವಿಭಾಗ, ಮುಂದೆ ಬರಬಹುದಾದ ಬಿಲ್ಲುಗಳಿಗೆಂದು ಹಿಂದೆ ತೆಗೆದಿರಿಸಿದ್ದ ಮೀಸಲನ್ನು ಕರಗಿಸಿ ಲಾಭಕ್ಕೆ ಸೇರಿಸಿತು. ಅದು ಬರಿದಾದ ಮೇಲೆ, 2001ರ ಮೊದಲ ತ್ರೈಮಾಸಿಕದಲ್ಲಿ ಹೊಸ ದಾರಿ ಹಿಡಿಯಿತು. ತ್ರೈಮಾಸಿಕ ಮುಗಿದ ಮೇಲೆ, ಲೈನ್ ಕಾಸ್ಟ್ ಖಾತೆಯಿಂದ 77.1 ಕೋಟಿ ಡಾಲರ್ ತೆಗೆದು ಆಸ್ತಿಯ ಖಾತೆಗೆ ಹಾಕಿದರು. ವರ್ಷದ ಕೊನೆಯ ತ್ರೈಮಾಸಿಕದಲ್ಲಿ ಹೀಗೆ ದಾಟಿಸಿದ ಮೊತ್ತ 93.1 ಕೋಟಿ ಡಾಲರ್. 2001ರ ಒಟ್ಟು 305 ಕೋಟಿ ಡಾಲರಿಗೂ ಹೆಚ್ಚು. ಬಳಸದೆ ಉಳಿದಿರುವ ತಂತಿಗಳು ಮುಂದೆ ಆದಾಯ ತರುತ್ತವೆ, ಆದ್ದರಿಂದ ಅವುಗಳ ಬಾಡಿಗೆಯನ್ನೂ ಮುಂದಿನ ವರ್ಷಗಳಿಗೆ ಹಾಕಬೇಕು ಎಂಬುದು ಮುಖ್ಯ ಹಣಕಾಸು ಅಧಿಕಾರಿ ಸ್ಕಾಟ್ ಸುಲ್ಲಿವನ್ ಕೊಟ್ಟ ಸಮರ್ಥನೆ. ಆ ಮೊತ್ತವನ್ನು ‘ನಿರ್ಮಾಣ ಹಂತದಲ್ಲಿರುವ ಕಾಮಗಾರಿ’ ಎಂಬಂಥ ಖಾತೆಗಳಲ್ಲೂ ಇಟ್ಟಿದ್ದರು. ಕಾಮಗಾರಿ ಮುಗಿದು ಬಳಕೆಗೆ ಬರುವವರೆಗೆ ಅಂಥ ಖಾತೆಯ ಆಸ್ತಿಗೆ ಸವಕಳಿ ಬರೆಯುವಂತಿಲ್ಲ. ಹಾಗಾಗಿ ಲಾಭದಿಂದ ಅದು ಕಂತಿನಲ್ಲೂ ಕಳೆಯಲಿಲ್ಲ.

ಆಂತರಿಕ ಲೆಕ್ಕಪರಿಶೋಧನೆಯ ಮುಖ್ಯಸ್ಥೆ ಸಿಂಥಿಯಾ ಕೂಪರ್ ಮತ್ತು ಅವರ ತಂಡ 2002ರಲ್ಲಿ ‘ಪ್ರೀಪೇಯ್ಡ್ ಕೆಪ್ಯಾಸಿಟಿ’ ಎಂಬ ಹೆಸರಿನ ನಮೂದುಗಳ ಬೆನ್ನು ಹತ್ತಿದರು. ಹಾಗೆಂದರೇನು ಎಂದು ಕೇಳಿದರೆ ಯಾರೂ ನೆಟ್ಟಗೆ ಉತ್ತರಿಸಲಿಲ್ಲ. ಯಂತ್ರ ಕೊಂಡರೆ ಬಿಲ್ ಇರಬೇಕು, ಕಾಮಗಾರಿಯಾದರೆ ಮಂಜೂರಾತಿ ಪತ್ರ ಇರಬೇಕು. ಇಲ್ಲಿ ಎರಡೂ ಇರಲಿಲ್ಲ. ಅಲ್ಲಿಂದ ಎಲ್ಲ ಬಯಲಾಯಿತು. ತನಿಖೆ ಮುಗಿಯುವ ಹೊತ್ತಿಗೆ ಸುಳ್ಳು ಲೆಕ್ಕದ ಒಟ್ಟು ಮೊತ್ತ ಸುಮಾರು 1,100 ಕೋಟಿ ಡಾಲರ್ ಮುಟ್ಟಿತು. ಮುಖ್ಯಸ್ಥ ಬರ್ನಾರ್ಡ್ ಎಬ್ಬರ್ಸ್‌ಗೆ 2005ರಲ್ಲಿ 25 ವರ್ಷದ ಸೆರೆವಾಸ ಆಯಿತು.

ಬದಲಾಗದ ಅಂಕಿ

ಈಗ 2001ರ ವರದಿಯನ್ನು ಹೊರಗಿನ ಸಾಮಾನ್ಯ ಹೂಡಿಕೆದಾರನಂತೆ ಓದೋಣ. ನಿವ್ವಳ ಲಾಭ ಸುಮಾರು 140 ಕೋಟಿ ಡಾಲರ್. ವ್ಯವಹಾರದಿಂದ ಬಂದ ನಗದು ಸುಮಾರು 800 ಕೋಟಿ. ಆಸ್ತಿಗಳಿಗೆ ಹಾಕಿದ ಬಂಡವಾಳ ವೆಚ್ಚ ಸುಮಾರು 790 ಕೋಟಿ. ಫ್ರೀ ಕ್ಯಾಶ್ ಫ್ಲೋ ಬರೀ 10 ಕೋಟಿ ಡಾಲರಿನಷ್ಟು.

ಸುಳ್ಳನ್ನು ತೆಗೆದು ಇದೇ ಲೆಕ್ಕ ಮಾಡಿ. 305 ಕೋಟಿ ಬಾಡಿಗೆಯನ್ನು ಖರ್ಚಿಗೆ ವಾಪಸು ತಂದರೆ ಲಾಭ ಹೋಗಿ ನಷ್ಟವಾಗುತ್ತದೆ. ವ್ಯವಹಾರದ ನಗದು 800ರಿಂದ 495 ಕೋಟಿಗೆ ಇಳಿಯುತ್ತದೆ. ಬಂಡವಾಳ ವೆಚ್ಚವೂ 790ರಿಂದ 485 ಕೋಟಿಗೆ ಇಳಿಯುತ್ತದೆ. ಕಳೆದರೆ ಮತ್ತೆ ಅದೇ 10 ಕೋಟಿ.

ಕಾರಣ ಸರಳ. ಬಾಡಿಗೆಯನ್ನು ಯಾವ ಹೆಸರಿನಲ್ಲಿ ಬರೆದರೂ ಆ ಡಾಲರುಗಳು ಬೇರೆ ಕಂಪನಿಗಳ ಖಾತೆಗೆ ಹೋಗಿಬಿಟ್ಟಿದ್ದವು. ಫ್ರೀ ಕ್ಯಾಶ್ ಫ್ಲೋ ಖರ್ಚನ್ನೂ ಕಳೆಯುತ್ತದೆ, ಆಸ್ತಿಗೆ ಕೊಟ್ಟದ್ದನ್ನೂ ಕಳೆಯುತ್ತದೆ. ಹೀಗಾಗಿ ಗೆರೆ ಎಲ್ಲಿ ಎಳೆದರು ಎಂಬುದು ಅದಕ್ಕೆ ಲೆಕ್ಕಕ್ಕೇ ಇಲ್ಲ. ವ್ಯವಹಾರದ ನಗದನ್ನು ಮಾತ್ರ ನೋಡಿ ಸುಮ್ಮನಾದವರೂ ಇಲ್ಲಿ ಮೋಸ ಹೋದರು ಎಂಬುದನ್ನು ಗಮನಿಸಬೇಕು. ಆಗ ದೂರಸಂಪರ್ಕ ಕಂಪನಿಗಳನ್ನು ಅಳೆಯಲು ಪೇಟೆಯ ಪಂಡಿತರು ಹೆಚ್ಚಾಗಿ ಬಳಸುತ್ತಿದ್ದದ್ದು ಎಬಿಟ್ಡಾ, ಅಂದರೆ ಬಡ್ಡಿ, ತೆರಿಗೆ, ಸವಕಳಿಗಳನ್ನು ಕಳೆಯುವ ಮುಂಚಿನ ಗಳಿಕೆ. ಆಸ್ತಿಗೆ ಹಾಕಿದ ಹಣವನ್ನು ಅದು ಯಾವ ರೂಪದಲ್ಲೂ ಕಳೆಯುವುದಿಲ್ಲ. ಆದ್ದರಿಂದ ದಾಟಿಸಿದ ಪ್ರತಿ ಡಾಲರೂ ಎಬಿಟ್ಡಾದಲ್ಲಿ ಪೂರ್ತಿಯಾಗಿ ಗಳಿಕೆಯಾಗಿ ಕಂಡಿತು.

ಹಿಂದಿನ ವರ್ಷವನ್ನೂ ಜೊತೆಗೆ ನೋಡಿದರೆ ಚಿತ್ರ ಇನ್ನೂ ತಿಳಿಯಾಗುತ್ತದೆ. 2000ದಲ್ಲಿ ವರ್ಲ್ಡ್‌ಕಾಮ್ 400 ಕೋಟಿ ಡಾಲರಿಗೂ ಹೆಚ್ಚು ಲಾಭ ತೋರಿಸಿತ್ತು. ಅದೇ ವರ್ಷ ವ್ಯವಹಾರದ ನಗದು ಸುಮಾರು 770 ಕೋಟಿ, ಬಂಡವಾಳ ವೆಚ್ಚ ಸುಮಾರು 1,150 ಕೋಟಿ. ಫ್ರೀ ಕ್ಯಾಶ್ ಫ್ಲೋ ಮೈನಸ್ 380 ಕೋಟಿ. ಎರಡು ವರ್ಷ ಕೂಡಿದರೆ ಲಾಭ 500 ಕೋಟಿ ಡಾಲರಿಗೂ ಮೇಲೆ, ಕೈಗೆ ಉಳಿದದ್ದು ಮೈನಸ್ 370 ಕೋಟಿ. ನಡುವಿನ ಕಂದಕ ತುಂಬಿದ್ದು ಸಾಲ. 2001ರ ಮೇ ತಿಂಗಳಲ್ಲಿ ಕಂಪನಿ ಬಾಂಡುಗಳ ಮೂಲಕ ಸುಮಾರು 1,200 ಕೋಟಿ ಡಾಲರ್ ಎತ್ತಿತು. ಕೊನೆಗೆ ಸಾಲದ ಹೊರೆ ಸುಮಾರು 3,000 ಕೋಟಿ ಡಾಲರಿಗೆ ಬಂದು ನಿಂತಿತು.

ಫ್ರೀ ಕ್ಯಾಶ್ ಫ್ಲೋ ನೋಡಿದ ಯಾರೂ ಇಲ್ಲಿ ಮೋಸವಿದೆ ಎಂದು ಹೇಳಲು ಆಗುತ್ತಿರಲಿಲ್ಲ ಎಂಬುದು ನಿಜ. ಹೊಸ ಜಾಲ ಕಟ್ಟುತ್ತಿರುವ ಕಂಪನಿಗೆ ಅಂಥ ಅಂಕಿ ಅಸಹಜವೂ ಅಲ್ಲ. ಆದರೆ ಇಷ್ಟಂತೂ ಹೇಳಬಹುದಿತ್ತು: ಈ ಕಂಪನಿ ತೋರಿಸುವ ಲಾಭದಿಂದ ಸಾಲ ತೀರಿಸುವ ಹಣ ಹುಟ್ಟುತ್ತಿಲ್ಲ. ಸಾಲ ಕೊಡುವವರು ಕೈ ಹಿಂತೆಗೆದ ದಿನ ಇದು ನಿಲ್ಲುತ್ತದೆ.

ಲಾಭ ದುಪ್ಪಟ್ಟು, ಹಣ ಖಾಲಿ

ಮೋಸವೇ ಇಲ್ಲದ ಕಡೆಯೂ ಲಾಭದ ಅಂಕಿ ದಾರಿ ತಪ್ಪಿಸಬಹುದು. ಅದನ್ನು ಎಲ್ಲರಿಗೂ ಅರ್ಥವಾಗುವಂತೆ ತೋರಿಸಿದವರು ಅಮೆಜಾನ್‌ನ ಜೆಫ್ ಬೆಜೋಸ್. 2004ನೇ ವರ್ಷದ ವರದಿಯೊಂದಿಗೆ ಷೇರುದಾರರಿಗೆ ಬರೆದ ಪತ್ರದಲ್ಲಿ, ಅಮೆಜಾನ್‌ಗೆ ಅಂತಿಮ ಅಳತೆಗೋಲು ಷೇರೊಂದಕ್ಕೆ ಬರುವ ಫ್ರೀ ಕ್ಯಾಶ್ ಫ್ಲೋ ಎಂದು ಹೇಳಿ, ಅವರು ಒಂದು ಕಲ್ಪಿತ ವ್ಯವಹಾರವನ್ನು ಮುಂದಿಟ್ಟರು.

ಜನರನ್ನು ಕ್ಷಣದಲ್ಲಿ ಒಂದೂರಿಂದ ಇನ್ನೊಂದೂರಿಗೆ ಸಾಗಿಸುವ ಯಂತ್ರ. ಬೆಲೆ 16 ಕೋಟಿ ಡಾಲರ್, ಆಯುಸ್ಸು ನಾಲ್ಕು ವರ್ಷ. ವರ್ಷಕ್ಕೆ ಒಂದು ಲಕ್ಷ ಪ್ರಯಾಣ, ಟಿಕೆಟ್ ಸಾವಿರ ಡಾಲರ್. ಪ್ರತಿ ಪ್ರಯಾಣಕ್ಕೆ ಖರ್ಚು 500. ಅಂದರೆ ಒಂದು ಯಂತ್ರ ವರ್ಷಕ್ಕೆ 5 ಕೋಟಿ ಡಾಲರ್ ಉಳಿಸುತ್ತದೆ. ಅದರಲ್ಲಿ 4 ಕೋಟಿ ಸವಕಳಿ ಕಳೆದರೆ ಲಾಭ ಒಂದು ಕೋಟಿ. ಬೇಡಿಕೆ ಜೋರಾಗಿರುವುದರಿಂದ ಪ್ರತಿ ವರ್ಷ ಯಂತ್ರಗಳ ಸಂಖ್ಯೆ ದುಪ್ಪಟ್ಟಾಗುತ್ತದೆ: ಒಂದು, ಎರಡು, ನಾಲ್ಕು, ಎಂಟು. ಲಾಭವೂ ಒಂದು ಕೋಟಿಯಿಂದ ಎರಡು, ನಾಲ್ಕು, ಎಂಟು ಕೋಟಿಗೆ ಏರುತ್ತದೆ. ವರ್ಷವರ್ಷವೂ ಶೇ 100 ಬೆಳವಣಿಗೆ! ಲಾಭದ ಪಟ್ಟಿ ಮಾತ್ರ ನೋಡಿದರೆ ಎಂಥವರೂ ಷೇರು ಕೊಳ್ಳಲು ಓಡುತ್ತಾರೆ.

ನಗದು ಲೆಕ್ಕ ಹಾಕಿ. ನಾಲ್ಕು ವರ್ಷದಲ್ಲಿ ವ್ಯವಹಾರದಿಂದ ಬಂದದ್ದು 75 ಕೋಟಿ ಡಾಲರ್. ಎಂಟು ಯಂತ್ರಗಳಿಗೆ ಕೊಟ್ಟದ್ದು 128 ಕೋಟಿ. ಕೊರತೆ 53 ಕೋಟಿ. ಇಷ್ಟಾದರೂ ಇದು ಬೆಳೆಯುವ ಕಾಲದ ತಾತ್ಕಾಲಿಕ ಕೊರತೆ ಎಂದು ಸಮಾಧಾನ ಹೇಳಿಕೊಳ್ಳಬಹುದೇ? ಒಂದು ಯಂತ್ರವನ್ನಷ್ಟೇ ನೋಡಿದರೆ ಉತ್ತರ ಸಿಗುತ್ತದೆ. 16 ಕೋಟಿ ಹಾಕಿ ನಾಲ್ಕು ವರ್ಷದಲ್ಲಿ 20 ಕೋಟಿ ವಾಪಸು ಪಡೆಯುವುದೆಂದರೆ ವರ್ಷಕ್ಕೆ ಶೇ 10ರ ಗಳಿಕೆ ಕೂಡ ಆಗುವುದಿಲ್ಲ. ಬಂಡವಾಳ ತಂದವರು ಅದಕ್ಕಿಂತ ಹೆಚ್ಚು ಕೇಳಿದರೆ, ಈ ಕಂಪನಿ ಬೆಳೆದಷ್ಟೂ ಮಾಲೀಕರಿಗೆ ನಷ್ಟ.

ಹೂಡಿಕೆದಾರರಿಗೆ ಇದು ಏಕೆ ಮುಖ್ಯ? ಲಾಭಾಂಶ ಕೊಡುವುದು, ಷೇರು ಮರುಖರೀದಿ ಮಾಡುವುದು, ಸಾಲ ತೀರಿಸುವುದು, ಇನ್ನೊಂದು ಕಂಪನಿ ಕೊಳ್ಳುವುದು ಎಲ್ಲ ನಗದಿನಿಂದ. ಲಾಭದ ಅಂಕಿಯಿಂದ ಚೆಕ್ ಬರೆಯಲು ಬರುವುದಿಲ್ಲ. ಷೇರಿಗೆ ಇಂದು ಎಷ್ಟು ಕೊಡಬಹುದು ಎಂಬ ಲೆಕ್ಕದ ಬುಡದಲ್ಲಿರುವುದು, ಆ ಕಂಪನಿ ಬದುಕಿರುವವರೆಗೆ ಮಾಲೀಕರಿಗಾಗಿ ಎಷ್ಟು ನಗದು ಬಿಟ್ಟುಕೊಡಬಲ್ಲದು ಎಂಬ ಪ್ರಶ್ನೆಯೇ.

ವಾರ್ಷಿಕ ವರದಿಯಲ್ಲಿ ಹುಡುಕುವುದು ಹೇಗೆ?

ನಮ್ಮ ದೇಶದ ಲಿಸ್ಟೆಡ್ ಕಂಪನಿಗಳ ವಾರ್ಷಿಕ ವರದಿಯಲ್ಲಿ ಲಾಭ-ನಷ್ಟದ ಪಟ್ಟಿ, ಬ್ಯಾಲೆನ್ಸ್ ಶೀಟ್‌ಗಳ ಜೊತೆಗೆ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ಇರುತ್ತದೆ. ಅದರಲ್ಲಿ ಮೂರು ಭಾಗ: ಕಾರ್ಯಾಚರಣೆಯ ನಗದು, ಹೂಡಿಕೆಯ ನಗದು, ಹಣಕಾಸಿನ ನಗದು. ಮೊದಲ ಭಾಗದ ಕೊನೆಯಲ್ಲಿ, ತೆರಿಗೆ ಕಟ್ಟಿದ ನಂತರದ ಒಟ್ಟು ಮೊತ್ತ ಗುರುತು ಹಾಕಿಕೊಳ್ಳಿ. ಎರಡನೆಯ ಭಾಗದಲ್ಲಿ ಸ್ಥಾವರ, ಯಂತ್ರ, ಉಪಕರಣಗಳ ಖರೀದಿ ಎಂಬ ಸಾಲಿದೆ. ಸಾಫ್ಟ್‌ವೇರ್‌ನಂಥ ಅಮೂರ್ತ ಆಸ್ತಿಗೆ ಬೇರೆ ಸಾಲಿದ್ದರೆ ಅದನ್ನೂ ಸೇರಿಸಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಫ್ರೀ ಕ್ಯಾಶ್ ಫ್ಲೋ ಸಿಕ್ಕಿತು. ಮ್ಯೂಚುಯಲ್ ಫಂಡ್, ಠೇವಣಿಗಳಿಗೆ ಹಾಕಿದ ಹಣವನ್ನು ಇಲ್ಲಿ ಕಳೆಯಬಾರದು. ಅದು ಖರ್ಚಾದ ಹಣವಲ್ಲ, ಜಾಗ ಬದಲಿಸಿದ ಹಣ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಭಾರತದ ನಿಯಮದಂತೆ, ಬ್ಯಾಂಕ್ ಮೊದಲಾದ ಹಣಕಾಸು ಸಂಸ್ಥೆಗಳನ್ನು ಬಿಟ್ಟು ಉಳಿದ ಕಂಪನಿಗಳು ಕಟ್ಟಿದ ಬಡ್ಡಿಯನ್ನು ಮೂರನೆಯ ಭಾಗದಲ್ಲಿ ತೋರಿಸುತ್ತವೆ. ಆದ್ದರಿಂದ ಮೇಲಿನಂತೆ ಲೆಕ್ಕ ಹಾಕಿದ ಮೊತ್ತ ಬಡ್ಡಿ ಕಟ್ಟುವ ಮುಂಚಿನದು. ಸಾಲ ಹೆಚ್ಚಿರುವ ಕಂಪನಿಯಾದರೆ ಬಡ್ಡಿಯನ್ನೂ ಕಳೆದ ಮೇಲೆಯೇ ಷೇರುದಾರರ ಪಾಲು ತಿಳಿಯುವುದು. ಹಾಗೆಯೇ ದೀರ್ಘಾವಧಿ ಗುತ್ತಿಗೆಯ ಕಂತುಗಳೂ ಮೂರನೆಯ ಭಾಗಕ್ಕೇ ಹೋಗುತ್ತವೆ. ಅಂಗಡಿ, ವಿಮಾನಗಳನ್ನು ಬಾಡಿಗೆಗೆ ಪಡೆದು ನಡೆಸುವ ಕಂಪನಿಗಳಲ್ಲಿ ಈ ಸಾಲನ್ನು ಕಳೆಯದೆ ಹೋದರೆ ಬಾಡಿಗೆಯೇ ಇಲ್ಲದೆ ವ್ಯಾಪಾರ ನಡೆಯುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಫ್ರೀ ಕ್ಯಾಶ್ ಫ್ಲೋ ಎಂಬುದಕ್ಕೆ ಲೆಕ್ಕಪತ್ರ ನಿಯಮಗಳಲ್ಲಿ ಒಂದೇ ವ್ಯಾಖ್ಯೆ ಇಲ್ಲ. ಕಂಪನಿಯೇ ಆ ಅಂಕಿ ಕೊಟ್ಟಿದ್ದರೂ ಏನೇನು ಕಳೆದಿದ್ದಾರೆ ಎಂದು ಕೆಳಗಿನ ಟಿಪ್ಪಣಿ ಓದಬೇಕು.

ನಮ್ಮ ಬೆಂಗಳೂರಿನ ಇನ್ಫೊಸಿಸ್ ಈ ಅಂಕಿಯನ್ನು ತಾನೇ ಪ್ರಕಟಿಸುತ್ತದೆ. 2023-24ರಲ್ಲಿ ಅದರ ಫ್ರೀ ಕ್ಯಾಶ್ ಫ್ಲೋ ಸುಮಾರು 288 ಕೋಟಿ ಡಾಲರ್, ನಿವ್ವಳ ಲಾಭದ ಶೇ 91ರಷ್ಟು. ಸಾಫ್ಟ್‌ವೇರ್ ಸೇವೆಗೆ ಭಾರಿ ಯಂತ್ರಗಳು ಬೇಕಿಲ್ಲ, ಗಿರಾಕಿಗಳೂ ದೊಡ್ಡ ಕಂಪನಿಗಳು. ಹಾಗಾಗಿ ಲಾಭದ ಬಹುಪಾಲು ನಗದಾಗಿ ಬರುತ್ತದೆ. ಮರುವರ್ಷ ಅದು ಸುಮಾರು 410 ಕೋಟಿ ಡಾಲರಿಗೆ, ಲಾಭದ ಶೇ 129ಕ್ಕೆ ಜಿಗಿಯಿತು. ವ್ಯಾಪಾರ ಒಂದೇ ವರ್ಷದಲ್ಲಿ ಅಷ್ಟು ಬೆಳೆಯಿತೇ? ಇಲ್ಲ. ಲಾಭ ಹೆಚ್ಚುಕಡಿಮೆ ಹಿಂದಿನಷ್ಟೇ ಇತ್ತು. ಆ ವರ್ಷ ಆದಾಯ ತೆರಿಗೆಯ ಮರುಪಾವತಿ ಕೈಸೇರಿತ್ತು. ಒಂದೇ ವರ್ಷದ ಫ್ರೀ ಕ್ಯಾಶ್ ಫ್ಲೋ ಹಿಡಿದು ತೀರ್ಮಾನಕ್ಕೆ ಬರಬಾರದು ಎನ್ನುವುದು ಇದಕ್ಕೇ.

ಇದಕ್ಕೂ ಮಿತಿ ಉಂಟು

ಲಾಭದಲ್ಲಿ ಇರುವ ಅಂದಾಜುಗಳು ನಗದಿನಲ್ಲಿ ಇಲ್ಲವಾದರೂ, ನಗದನ್ನು ಕೂಡ ಒಂದೆರಡು ವರ್ಷ ಚೆನ್ನಾಗಿ ಕಾಣಿಸುವಂತೆ ಮಾಡಬಹುದು. ಸರಕು ಪೂರೈಸಿದವರ ಬಿಲ್ಲನ್ನು ಮಾರ್ಚ್ 31ರ ಆಚೆಗೆ ತಳ್ಳಿದರೆ ಆ ವರ್ಷದ ನಗದು ಉಬ್ಬುತ್ತದೆ. ಗಿರಾಕಿಗಳ ಬಾಕಿಯನ್ನು ಬ್ಯಾಂಕಿಗೆ ಮಾರಿ ಹಣ ಪಡೆದರೂ ಹಾಗೆಯೇ. ಮುಂದಿನ ವರ್ಷದ ವಸೂಲಿ ಈ ವರ್ಷಕ್ಕೇ ಬಂದುಬಿಡುತ್ತದೆ. ಹಳೆಯ ಯಂತ್ರಗಳನ್ನು ಬದಲಿಸದೆ ದೂಡಿದರೂ ಫ್ರೀ ಕ್ಯಾಶ್ ಫ್ಲೋ ಏರುತ್ತದೆ, ಕಾರ್ಖಾನೆ ಮಾತ್ರ ಒಳಗೊಳಗೇ ಸವೆಯುತ್ತದೆ. ಇವನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಕೊಡಬೇಕಾದ ಬಾಕಿ ಮಾರಾಟಕ್ಕಿಂತ ವೇಗವಾಗಿ ಏರುತ್ತಿದೆಯೇ, ಬಂಡವಾಳ ವೆಚ್ಚ ವರ್ಷಾನುಗಟ್ಟಲೆ ಸವಕಳಿಗಿಂತ ತೀರಾ ಕಡಿಮೆ ಇದೆಯೇ ಎಂದು ನೋಡಿದರೆ ಸಾಕು.

ನಗದೇ ಸುಳ್ಳಾದರೆ? ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನಲ್ಲಿ ಆದದ್ದು ಅದು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗರಾಜು ಬರೆದ ಪತ್ರದಲ್ಲಿ, ಲೆಕ್ಕದಲ್ಲಿರುವ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನ ಪೈಕಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಅಲ್ಲಿ ಸುಳ್ಳು ಲಾಭಕ್ಕೆ ತಕ್ಕ ಸುಳ್ಳು ನಗದನ್ನೂ ಬರೆದಿದ್ದರಿಂದ ಎರಡೂ ಹೊಂದಿಕೊಂಡಂತೆ ಕಂಡವು. ಅಂಥ ಕಡೆ ಉಳಿಯುವ ಪರೀಕ್ಷೆ, ಆ ಹಣ ಷೇರುದಾರರ ಕೈಗೆ ಎಂದಾದರೂ ಬಂತೇ ಎಂಬುದು. ಸಾವಿರಾರು ಕೋಟಿ ಬ್ಯಾಂಕಿನಲ್ಲಿದೆ ಎಂದು ಹೇಳುತ್ತಲೇ ಲಾಭಾಂಶಕ್ಕೆ ಕೈ ಬಿಗಿ ಹಿಡಿಯುವ, ಇದ್ದ ಹಣ ಬಿಟ್ಟು ಸಾಲ ತರುವ ಕಂಪನಿಯ ಬಗ್ಗೆ ಅನುಮಾನ ಪಡುವುದು ನ್ಯಾಯವೇ.

ಬ್ಯಾಂಕುಗಳಿಗೆ ಈ ಅಳತೆ ಹೊಂದುವುದಿಲ್ಲ. ಅಲ್ಲಿ ಠೇವಣಿ ಪಡೆದು ಸಾಲ ಕೊಡುವುದೇ ವ್ಯಾಪಾರ. ಠೇವಣಿ ಬಂದರೆ ನಗದು ಏರುತ್ತದೆ, ಸಾಲ ಕೊಟ್ಟರೆ ಇಳಿಯುತ್ತದೆ, ಯಾವುದೂ ಗಳಿಕೆಯ ಗುರುತಲ್ಲ. ಹೊಸ ಕಾರ್ಖಾನೆ ಕಟ್ಟುತ್ತಿರುವ ಕಂಪನಿಯ ಫ್ರೀ ಕ್ಯಾಶ್ ಫ್ಲೋ ಮೈನಸ್ ಇದೆಯೆಂದು ದೂರ ಸರಿಯುವುದೂ ಸರಿಯಲ್ಲ. ಪೀಣ್ಯದ ವರ್ಕ್‌ಶಾಪ್ ಕೂಡ ಮೊದಲ ವರ್ಷ ಹಾಗೆಯೇ ಇತ್ತು. ಕೇಳಬೇಕಾದದ್ದು, ಹಾಕಿದ ಹಣ ಮುಂದಿನ ವರ್ಷಗಳಲ್ಲಿ ವಾಪಸು ಬರುತ್ತಿದೆಯೇ ಎಂದು.

ಆದ್ದರಿಂದ ಲಾಭವನ್ನು ಬದಿಗಿಟ್ಟು ನಗದನ್ನು ಮಾತ್ರ ನೋಡಬೇಕೆಂದಲ್ಲ. ಒಂದು ವರ್ಷದ ದುಡಿಮೆ ಹೇಗಿತ್ತು ಎಂಬುದನ್ನು, ಪ್ರಾಮಾಣಿಕವಾಗಿ ಬರೆದಿದ್ದರೆ, ಲಾಭವೇ ಚೆನ್ನಾಗಿ ಹೇಳುತ್ತದೆ. ಅದು ಪ್ರಾಮಾಣಿಕವೇ ಎಂಬ ತಾಳೆ ನೋಡಲು ನಗದು ಬೇಕು. ಷೇರು ಕೊಳ್ಳುವ ಮುನ್ನ ಎಂಟು-ಹತ್ತು ವರ್ಷಗಳ ನಿವ್ವಳ ಲಾಭವನ್ನು ಒಂದು ಸಾಲಿನಲ್ಲಿ, ಫ್ರೀ ಕ್ಯಾಶ್ ಫ್ಲೋವನ್ನು ಇನ್ನೊಂದು ಸಾಲಿನಲ್ಲಿ ಬರೆದು ಎರಡನ್ನೂ ಕೂಡಿ ನೋಡಿ. ಹತ್ತಿರ ಹತ್ತಿರ ಇದ್ದರೆ ಆ ಲಾಭವನ್ನು ನಂಬಲು ಒಂದು ಗಟ್ಟಿ ಕಾರಣ ಸಿಕ್ಕಿತು. ದೂರವಿದ್ದರೆ ಆ ವ್ಯತ್ಯಾಸ ಎಲ್ಲಿ ಕೂತಿದೆ ಎಂದು ಬ್ಯಾಲೆನ್ಸ್ ಶೀಟಿನಲ್ಲಿ ಹುಡುಕಿ: ಗಿರಾಕಿಗಳ ಬಾಕಿಯಲ್ಲೋ, ಗೋದಾಮಿನ ಸರಕಿನಲ್ಲೋ, ಹೊಸ ಆಸ್ತಿಗಳಲ್ಲೋ. ಆ ಬಾಕಿ ವಸೂಲಾಗುವಂಥದ್ದೇ, ಆ ಸರಕು ಮಾರಾಟವಾಗುವಂಥದ್ದೇ, ಆ ಆಸ್ತಿ ದುಡಿಯುತ್ತಿದೆಯೇ ಎಂಬ ಪ್ರಶ್ನೆಗಳಿಗೆ ತೃಪ್ತಿಕರ ಉತ್ತರ ಸಿಗುವವರೆಗೆ ಹಣ ಹಾಕುವ ಅವಸರ ಬೇಡ.